ಮನೆಮಂದಿಯ ಫೋಟೋಕ್ಕೆ ಯಾವ ಬಣ್ಣ, ಯಾವ ಚಿತ್ತಾರ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮನೆಮಂದಿಯ ಫೋಟೋ ತೆಗೆಯುವುದೇ ನನ್ನ ಕೆಲಸ. ದಿನ ಗೊತ್ತು ಮಾಡಿದ ಮರುಗಳಿಗೆಯಿಂದ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ಒಂದು ಕುಟುಂಬದ ಮಾತು ಮತ್ತೆ ಮತ್ತೆ ಬರುತ್ತದೆ. ಅಜ್ಜ, ಅಜ್ಜಿ, ಮಗ, ಸೊಸೆ, ಮಗಳು, ಅಳಿಯ, ಮೂವರು ಮೊಮ್ಮಕ್ಕಳು, ಒಟ್ಟು ಒಂಬತ್ತು ಜನ. ಅವರ ಹಳೆಯ ಮನೆಯ ಪಡಸಾಲೆಯಲ್ಲಿ, ಸುಣ್ಣ ಬಳಿದ ಗೋಡೆಯ ಮುಂದೆ ತೆಗೆದ ಫೋಟೋ ಅದು. ಬಟ್ಟೆಯ ವಿಷಯದಲ್ಲಿ ಆಗಬಹುದಾದ ಎಡವಟ್ಟುಗಳೆಲ್ಲ ಆ ಒಂದೇ ಮನೆಯಲ್ಲಿ ಆದದ್ದರಿಂದ ಉದಾಹರಣೆಗೆ ಬೇರೆ ಮನೆ ಹುಡುಕಬೇಕಾಗಲಿಲ್ಲ.

ಮೊದಲು ಯಾರ ಬಟ್ಟೆ ಗೊತ್ತು ಮಾಡಬೇಕು?

ಬದಲಾಗದ ಬಟ್ಟೆ ಯಾರದೋ ಅವರದು. ನಮ್ಮ ಕಡೆ ಅದು ಬಹುತೇಕ ಅಜ್ಜಿಯ ಸೀರೆ. ಮಗ ಹೊಸ ಅಂಗಿ ಕೊಳ್ಳಬಹುದು, ಸೊಸೆ ಬೀರುವಿನಿಂದ ಇನ್ನೊಂದು ಸೀರೆ ತೆಗೆಯಬಹುದು. ಅಜ್ಜಿ ಮಾತ್ರ, ‘ನಾನು ಉಡುವುದು ಇದನ್ನೇ’ ಎಂದು ಹೇಳಿ ಆಗಿರುತ್ತದೆ. ಅವರೊಡನೆ ವಾದ ಮಾಡುವುದಕ್ಕಿಂತ ಅವರಿಂದಲೇ ಆರಂಭಿಸುವುದು ಒಳ್ಳೆಯದು.

ನಾನು ಹೇಳಿದ ಮನೆಯ ಅಜ್ಜಿ ಆರಿಸಿದ್ದು ಚಂದ್ರಕಾಳಿ, ಅಂದರೆ ಕಪ್ಪು ಒಡಲಿನ ಇಳಕಲ್ ಸೀರೆ. ಸೊಸೆ ಫೋನಿನಲ್ಲಿ ಗಾಬರಿಯಾಗಿದ್ದರು: ‘ಕಪ್ಪು ಸೀರೆಗೆ ನಾವೆಲ್ಲ ಏನು ಹಾಕಿಕೊಳ್ಳುವುದು?’ ಆದರೆ ಇಳಕಲ್ ಸೀರೆಯಲ್ಲಿ ಕಪ್ಪೊಂದೇ ಇರುವುದಿಲ್ಲ. ಅಗಲವಾದ ಅಂಚಿನಲ್ಲಿ ದಾಳಿಂಬೆ ಕೆಂಪಿದೆ, ಅಂಚಿನ ನೇಯ್ಗೆಯ ಚಿತ್ತಾರದಲ್ಲಿ ಅರಿಶಿನಕ್ಕೆ ಹತ್ತಿರದ ಹಳದಿಯಿದೆ, ಟೋಪ ತೆನಿ ಸೆರಗಿನಲ್ಲಿ ಕೆಂಪಿನ ಮೇಲೆ ಗೋಪುರದಂತೆ ಏರುವ ಬಿಳಿಯಿದೆ. ಅಜ್ಜಿಯ ಕೈಯಲ್ಲಿ ಹಸಿರು ಗಾಜಿನ ಬಳೆಗಳೂ ಇದ್ದವು. ಕಪ್ಪು, ದಾಳಿಂಬೆ ಕೆಂಪು, ಅರಿಶಿನ, ಬಿಳಿ, ಹಸಿರು: ಒಂಬತ್ತು ಜನರಿಗೆ ಬೇಕಾದ ಬಣ್ಣವೆಲ್ಲ ಆ ಒಬ್ಬರ ಮೈಮೇಲೆಯೇ ಇತ್ತು. ನೇಕಾರರು ಇವು ಒಂದಕ್ಕೊಂದು ಒಪ್ಪುತ್ತವೆ ಎಂದು ಎಂದೋ ಕಂಡುಕೊಂಡಿದ್ದಾರೆ. ಅದನ್ನು ನಾವು ಮತ್ತೆ ಲೆಕ್ಕ ಹಾಕಬೇಕಾಗಿಲ್ಲ.

ಎಲ್ಲರೂ ಒಂದೇ ಬಣ್ಣ ಹಾಕಿಕೊಂಡರೆ ಸುಲಭವಲ್ಲವೇ?

ಕೊಳ್ಳುವವರಿಗೆ ಸುಲಭ. ಫೋಟೋದಲ್ಲಿ ಅಪ್ಪನ ಭುಜ ಎಲ್ಲಿ ಮುಗಿಯಿತು, ಮಗನ ತೋಳು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಒತ್ತಾಗಿ ನಿಂತ ಐದು ಜನರ ನೀಲಿ ಅಂಗಿಗಳು ಸೇರಿ ಒಂದೇ ನೀಲಿ ಗುಡ್ಡವಾಗುತ್ತವೆ, ಅದರ ಮೇಲೆ ಐದು ತಲೆಗಳು. ಮದುವೆಯ ಬ್ಯಾಂಡಿನವರಿಗೆ ಅದು ಸರಿ, ಅವರು ಒಂದು ತಂಡವೆಂದು ಕಾಣಬೇಕು.

ಒಂದೇ ಬಣ್ಣವೇ ಬೇಕೆಂಬ ಹಟವಿದ್ದರೆ ಅದರ ತಿಳಿ, ನಡು, ಗಾಢ ಛಾಯೆಗಳನ್ನು ಹಂಚಿಕೊಳ್ಳಿ. ಪಕ್ಕಪಕ್ಕದ ಇಬ್ಬರು ಮಾತ್ರ ಒಂದೇ ಛಾಯೆಯಲ್ಲಿ ಇರಬಾರದು.

ಹಾಗಾದರೆ ಆ ಒಂಬತ್ತು ಜನರಿಗೆ ಬಣ್ಣ ಹಂಚಿದ್ದು ಹೇಗೆ?

ಅಜ್ಜನಿಗೆ ಕೆನೆ ಬಣ್ಣದ ಜುಬ್ಬಾ ಮತ್ತು ಧೋತರ. ಅವರು ಅಜ್ಜಿಯ ಪಕ್ಕದಲ್ಲೇ ಕೂರುವುದರಿಂದ ಕಪ್ಪಿನ ಪಕ್ಕ ಬೆಳಕು ಬೇಕಿತ್ತು. ಸೊಸೆಗೆ ಜೇನಿನ ಬಣ್ಣದ ರೇಷ್ಮೆ ಸೀರೆ: ಒಡಲು ಸಾದಾ, ಅಂಚು ಸಣ್ಣದು. ಹದಿನಾರರ ಮೊಮ್ಮಗಳಿಗೆ ಗುಳೇದಗುಡ್ಡದ ಖಣದಿಂದ ಹೊಲಿದ ದಾಳಿಂಬೆ ಕೆಂಪಿನ ಲಂಗ. ಅಳಿಯನಿಗೆ ಮತ್ತು ಹತ್ತರ ಹುಡುಗನಿಗೆ ಬೂದಿ ಬಣ್ಣ. ಬೂದಿ ಸೀರೆಯಲ್ಲಿ ಎಲ್ಲೂ ಇರಲಿಲ್ಲ ಎನ್ನುವಿರಿ. ನಿಜ, ಆದರೆ ಇಷ್ಟೊಂದು ಬಣ್ಣಗಳು ಮಾತಾಡುವಾಗ ಸುಮ್ಮನಿರುವವರು ಇಬ್ಬರಾದರೂ ಬೇಕು. ಮಗನಿಗೆ ಇಟ್ಟಿಗೆ ಬಣ್ಣದ ಜುಬ್ಬಾ, ನಾಲ್ಕು ವರ್ಷದ ಚಿಕ್ಕವಳಿಗೆ ಅರಿಶಿನದ ಲಂಗ.

ತಕರಾರು ಬಂದದ್ದು ಮಗಳಿಂದ. ಅವರಿಗೆ ರಾಣಿ ಬಣ್ಣದ ಸೀರೆಯೇ ಬೇಕಿತ್ತು. ರಾಣಿ ಬಣ್ಣ ಚಂದವೇ, ಆದರೆ ದಾಳಿಂಬೆ ಕೆಂಪಿನ ಪಕ್ಕದಲ್ಲಿ ಅದು ಕಾದಾಡುತ್ತದೆ. ಎರಡೂ ಕೆಂಪಿನ ವಂಶದವು. ಒಂದು ನೀಲಿಯ ಕಡೆ ಎಳೆಯುತ್ತದೆ, ಇನ್ನೊಂದು ಕಂದಿನ ಕಡೆ. ತೀರಾ ಬೇರೆ ಬಣ್ಣಗಳಿಗಿಂತ ಹೀಗೆ ಹತ್ತಿರವಾಗಿದ್ದೂ ತಪ್ಪಿದ ಬಣ್ಣಗಳೇ ಹೆಚ್ಚು ಕೆಡಿಸುತ್ತವೆ. ನೋಡುವವರಿಗೆ ಒಂದೇ ಬಣ್ಣ ತರಲು ಹೋಗಿ ಸೋತಂತೆ ಕಾಣುತ್ತದೆ. ಕೊನೆಗೆ ಅವರು ಉಟ್ಟದ್ದು ಅಜ್ಜಿಯ ಬಳೆಯ ಹಸಿರನ್ನೇ ಸ್ವಲ್ಪ ಮಂಕಾಗಿಸಿದಂಥ ಹತ್ತಿ ಸೀರೆ. ರಾಣಿ ಬಣ್ಣದ್ದನ್ನು ಉಟ್ಟು ಅವರೊಬ್ಬರದೇ ಬೇರೆ ಫೋಟೋ ತೆಗೆಸಿಕೊಂಡರು, ಅದೂ ಚೆನ್ನಾಗಿಯೇ ಬಂತು.

ಬಣ್ಣಗಳು ಒಪ್ಪುತ್ತವೆಯೇ ಎಂದು ಮನೆಯಲ್ಲಿ ಮೊದಲೇ ನೋಡುವುದು ಹೇಗೆ?

ಇದೊಂದನ್ನು ಮಾಡಿದರೆ ಉಳಿದ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ. ಫೋಟೋಕ್ಕೆ ಒಂದು ವಾರ ಮೊದಲು, ಹಗಲಿನಲ್ಲಿ, ಕಿಟಕಿಯ ಬಳಿ ಮಂಚದ ಮೇಲೆ ಎಲ್ಲರ ಬಟ್ಟೆಗಳನ್ನೂ ಹರಡಿ. ದೀಪಗಳನ್ನು ಆರಿಸಿ. ಯಾರು ಯಾರ ಪಕ್ಕ ನಿಲ್ಲುತ್ತಾರೋ ಅದೇ ಕ್ರಮದಲ್ಲಿ ಇಡಿ, ಸೀರೆಯನ್ನು ಮಡಿಸಿ ಇಡದೆ ಒಡಲು ಮತ್ತು ಸೆರಗು ಎರಡೂ ಕಾಣುವಂತೆ ಬಿಡಿಸಿ. ಕುರ್ಚಿಯ ಮೇಲೆ ನಿಂತು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಆಮೇಲೆ ಮೊಬೈಲಿನಲ್ಲೇ ಅದನ್ನು ಕಪ್ಪು ಬಿಳುಪು ಮಾಡಿ ನೋಡಿ.

ಕಪ್ಪು ಬಿಳುಪು ಏಕೆಂದರೆ, ಗುಂಪಿನ ಫೋಟೋ ಕೆಡುವುದು ಬಣ್ಣದ ಹೆಸರಿನಿಂದಲ್ಲ, ತಿಳಿ ಮತ್ತು ಗಾಢದ ತೂಕ ತಪ್ಪಿದ್ದರಿಂದ. ಹಸಿರೂ ಕೆಂಪೂ ಕಣ್ಣಿಗೆ ಬೇರೆ ಬೇರೆ, ಆದರೆ ಎರಡೂ ಒಂದೇ ಗಾಢತೆಯಲ್ಲಿದ್ದರೆ ಕಪ್ಪು ಬಿಳುಪಿನಲ್ಲಿ ಒಂದೇ ಬೂದಿಯಾಗುತ್ತವೆ, ದೂರದಿಂದ ಒಂದೇ ಮುದ್ದೆ. ನಮ್ಮ ಒಂಬತ್ತು ಜನರ ಬಟ್ಟೆ ಬಣ್ಣದಲ್ಲಿ ಸೊಗಸಾಗಿತ್ತು. ಕಪ್ಪು ಬಿಳುಪಿನಲ್ಲಿ ನೋಡಿದಾಗ ಎಡಗಡೆ ಅಜ್ಜಿ, ಮಗಳು, ಹಿರಿಯ ಮೊಮ್ಮಗಳು ಮೂವರೂ ಸೇರಿ ಒಂದು ಕಪ್ಪು ಮೋಡವಾಗಿದ್ದರು. ಬಲಗಡೆ ಅಜ್ಜ, ಸೊಸೆ, ಚಿಕ್ಕವಳು ಹಾಲು ಚೆಲ್ಲಿದಂತೆ ಇದ್ದರು. ಬಟ್ಟೆ ಒಂದನ್ನೂ ಬದಲಿಸಲಿಲ್ಲ. ಸೊಸೆಯನ್ನು ಎಡಕ್ಕೆ, ಅತ್ತೆಯ ಹಿಂದೆ ನಿಲ್ಲಿಸಿದೆ. ಹಿರಿಯ ಮೊಮ್ಮಗಳನ್ನು ಬಲಕ್ಕೆ, ಅಜ್ಜನ ಬದಿಗೆ ಕಳಿಸಿದೆ. ತಕ್ಕಡಿ ಸಮವಾಯಿತು.

ಚಿತ್ತಾರದ ಬಟ್ಟೆ ಎಷ್ಟು ಜನ ಹಾಕಬಹುದು?

ಎಷ್ಟು ಜನ ಎನ್ನುವುದಕ್ಕಿಂತ ಚಿತ್ತಾರ ಎಷ್ಟು ದೊಡ್ಡದು ಎಂದು ಕೇಳಿ. ಒಂಬತ್ತು ಜನ ಎರಡು ಸಾಲಿನಲ್ಲಿ ಸೇರಿದರೆ ಚಿತ್ರದ ಅಗಲ ಸುಮಾರು ಹನ್ನೆರಡು ಅಡಿ. ಅದನ್ನು ಗೋಡೆಗೆ ಹಾಕುವ 18 ಅಂಗುಲ ಅಗಲದ ಪ್ರಿಂಟ್ ಮಾಡಿದಾಗ ಎಲ್ಲವೂ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಬ್ಬರ ಮುಖ ಒಂದು ಅಂಗುಲದಷ್ಟಾಗುತ್ತದೆ. ಖಣದ ಮೇಲಿನ, ಬೆರಳ ತುದಿಯಷ್ಟಿರುವ ಬುಟ್ಟಾ ಎರಡು ಮಿಲಿಮೀಟರಿನ ಚುಕ್ಕಿಯಾಗಿ ಬಟ್ಟೆಗೆ ಒಂದು ಮೈ ಕೊಡುತ್ತದೆ, ಗಮನ ಕೇಳುವುದಿಲ್ಲ. ಅಂಗೈಗಿಂತ ದೊಡ್ಡ ಹೂವು ಮಾತ್ರ ಪ್ರಿಂಟಿನಲ್ಲಿ ಮುಖದಷ್ಟೇ ದೊಡ್ಡದಾಗಿ ನಿಲ್ಲುತ್ತದೆ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಸಣ್ಣ ಚಿತ್ತಾರ ಮೂವರಿಗಿದ್ದರೂ ಇರಲಿ, ದೊಡ್ಡ ಚಿತ್ತಾರ ಒಬ್ಬರಿಗೆ ಸಾಕು. ಆ ಒಬ್ಬರು ಚಿತ್ರದ ನಡುವೆ ಕೂರುವವರಾದರೆ ಒಳ್ಳೆಯದು. ನಮ್ಮಲ್ಲಿ ಆ ಜಾಗ ಅಜ್ಜಿಯ ಸೆರಗಿನದು. ಅವರು ಸೆರಗನ್ನು ತಲೆಯ ಮೇಲೆ ಹೊದೆಯುವವರಾದ್ದರಿಂದ ಕೆಂಪು ಬಿಳಿಯ ಆ ನೇಯ್ಗೆ ನೇರವಾಗಿ ಮುಖಕ್ಕೇ ಚೌಕಟ್ಟಾಯಿತು.

ಪಕ್ಕಪಕ್ಕದವರಲ್ಲಿ ಒಬ್ಬರಿಗೆ ಚಿತ್ತಾರವಿದ್ದರೆ ಇನ್ನೊಬ್ಬರು ಸಾದಾ ಇರಲಿ. ದೊಡ್ಡ ಚೌಕಳಿಯ ಪಕ್ಕ ದೊಡ್ಡ ಹೂವು ಬಂದರೆ ಎರಡೂ ಕೆಡುತ್ತವೆ.

ಸಣ್ಣ ಗೆರೆಯ ಅಂಗಿ ಬೇಡ ಎನ್ನುತ್ತೀರಿ. ಕಚೇರಿಗೆ ಹಾಕುವ ಅಂಗಿಗಳೆಲ್ಲ ಹಾಗೆಯೇ ಇವೆಯಲ್ಲ?

ಇವೆ, ಅದೇ ತೊಂದರೆ. ಅಳಿಯ ಮೊದಲು ತಂದದ್ದು ಅಂಥದ್ದೇ ಒಂದು: ತಿಳಿ ನೀಲಿಯ ಮೇಲೆ ಕೂದಲೆಳೆಯಂಥ ಗೆರೆಗಳು.

ಕ್ಯಾಮೆರಾದ ಒಳಗಿನ ಸಂವೇದಕದಲ್ಲಿ ಬೆಳಕು ಹಿಡಿಯುವ ಚುಕ್ಕಿಗಳು ಸಾಲುಸಾಲಾಗಿ ಇರುತ್ತವೆ. ನನ್ನ ಕ್ಯಾಮೆರಾದಲ್ಲಿ ಒಂದು ಸಾಲಿಗೆ 6000. ಹನ್ನೆರಡು ಅಡಿಯ ದೃಶ್ಯವನ್ನು ಅವುಗಳಿಗೆ ಹಂಚಿದರೆ ಒಂದು ಚುಕ್ಕಿಗೆ ಬಟ್ಟೆಯ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು ಸಿಗುತ್ತದೆ. ಬಟ್ಟೆಯ ಗೆರೆಗಳೂ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಈ ಎರಡು ಸಾಲುಗಳು ಒಂದರ ಮೇಲೊಂದು ಕೂತು, ಕೆಲವು ಕಡೆ ಕೂಡಿ ಕೆಲವು ಕಡೆ ತಪ್ಪಿ, ಇಲ್ಲದ ಅಲೆಗಳನ್ನು ಹುಟ್ಟಿಸುತ್ತವೆ. ಎರಡು ಸೊಳ್ಳೆ ಪರದೆಗಳನ್ನು ಒಂದರ ಮೇಲೊಂದು ಹಿಡಿದು ಅಲುಗಾಡಿಸಿ ನೋಡಿ, ಅದೇ ಆಟ. ಫೋಟೋದಲ್ಲಿ ಅದು ಹಸಿರು, ನೇರಳೆ ಬಣ್ಣದ ಹಾವುಗಳಂತೆ ಎದೆಯ ಮೇಲೆ ಹರಿದಾಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಕಷ್ಟ, ತೆಗೆದರೂ ಬಟ್ಟೆ ಪ್ಲಾಸ್ಟಿಕ್‌ನಂತೆ ಆಗುತ್ತದೆ.

ನೀವೇ ಪರೀಕ್ಷಿಸಬೇಕೆಂದರೆ ಹತ್ತು ಅಡಿ ದೂರದಿಂದ ಒಂದು ಚಿತ್ರ ತೆಗೆದು ಪೂರ್ತಿ ದೊಡ್ಡದು ಮಾಡಿ ನೋಡಿ. ಚಿಕ್ಕದಾಗಿದ್ದಾಗ ಕಂಡ ಅಲೆ, ದೊಡ್ಡದು ಮಾಡಿದಾಗ ಮಾಯವಾದರೆ ಅದು ಮೊಬೈಲಿನ ಪರದೆಯ ಚೇಷ್ಟೆ. ದೊಡ್ಡದು ಮಾಡಿದರೂ ಉಳಿದರೆ ಅದು ಚಿತ್ರದಲ್ಲೇ ಇದೆ. ಆದರೆ ಮೊಬೈಲಿನಲ್ಲಿ ಬರಲಿಲ್ಲವೆಂದು ನನ್ನ ಕ್ಯಾಮೆರಾದಲ್ಲೂ ಬರುವುದಿಲ್ಲ ಎಂದುಕೊಳ್ಳಬೇಡಿ, ದೂರ ಬದಲಾದರೆ ಫಲವೂ ಬದಲಾಗುತ್ತದೆ. ಅನುಮಾನವಿದ್ದರೆ ಸಾದಾ ಅಂಗಿ. ಅಳಿಯನ ಬೂದಿ ಜುಬ್ಬಾ ಬಂದದ್ದು ಹೀಗೆ.

ರೇಷ್ಮೆ ಮತ್ತು ಜರಿ ಹೊಳೆದು ಫೋಟೋ ಕೆಡುತ್ತದೆಯೇ?

ಕೆಡುವುದು ಬೆಳಕಿನಿಂದ, ಸೀರೆಯಿಂದಲ್ಲ. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಜರಿ ಕನ್ನಡಿಯಂತೆ ಅದನ್ನು ಹಿಂದಿರುಗಿಸುತ್ತದೆ, ಚಿನ್ನದ ಜಾಗದಲ್ಲಿ ಬಿಳಿ ತೇಪೆ ಉಳಿಯುತ್ತದೆ. ಬದಿಯಿಂದ, ದೊಡ್ಡ ಕಿಟಕಿಯಂಥ ಮೆತ್ತಗಿನ ಬೆಳಕಿದ್ದರೆ ಅದೇ ಜರಿ ಚಿನ್ನದಂತೆಯೇ ಬರುತ್ತದೆ. ಸಾದಾ ಒಡಲು, ಜರಿಯ ಅಂಚು ಇರುವ ಮೈಸೂರು ರೇಷ್ಮೆ ಈ ಲೆಕ್ಕದಲ್ಲಿ ಫೋಟೋಗ್ರಾಫರನ ಗೆಳೆಯ. ಒಡಲಿನ ತುಂಬ ಜರಿಯಿರುವ ಮದುವೆ ಸೀರೆಗಳು ಒಂದೇ ಚಿತ್ರದಲ್ಲಿ ನಾಲ್ಕು ಬಂದರೆ ಮುಖ ಹುಡುಕಬೇಕಾಗುತ್ತದೆ.

ಹಾಸಿಗೊಂದು ಹೊಕ್ಕಿಗೊಂದು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆಯಿದ್ದರೆ ಎಚ್ಚರ. ನವಿಲಿನ ಕೊರಳಿನಂತೆ ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ಹಸಿರು ಕಾಣುವ ಬಟ್ಟೆ ಅದು. ನಿಂತ ಕೋನಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ, ಆದ್ದರಿಂದ ಅದಕ್ಕೆ ‘ಮ್ಯಾಚಿಂಗ್’ ಹುಡುಕಲು ಹೋಗಬೇಡಿ.

ಬಿಳಿ ಪಂಚೆ, ಬಿಳಿ ಅಂಗಿ ಸುರಕ್ಷಿತವಲ್ಲವೇ?

ಎಲ್ಲರೂ ಹಾಗೆಂದುಕೊಂಡಿದ್ದಾರೆ. ಹೊಸ ಬಿಳಿ ಬಟ್ಟೆಗೂ ಸೋಪಿನ ಪುಡಿಗೂ ಹೊಳಪಿಗೆಂದು ಒಂದು ರಾಸಾಯನಿಕ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಹೊರಾಂಗಣದ ಬೆಳಕಿನಲ್ಲೂ ಕೆಲವು ಫ್ಲ್ಯಾಷುಗಳಲ್ಲೂ ಇದು ಎದ್ದು ಕಾಣುತ್ತದೆ. ಆ ಬಿಳಿಯ ಪಕ್ಕದಲ್ಲಿ ಅಜ್ಜನ ಹಳೆಯ ರೇಷ್ಮೆ ಶಲ್ಯ ಕುಳಿತರೆ, ಒಂದು ನೀಲಿ, ಇನ್ನೊಂದು ಹಳದಿ. ಶಲ್ಯ ಒಗೆಯದಂತೆ ಕಾಣುತ್ತದೆ. ಪಾಪ, ಅದು ಮನೆಯಲ್ಲಿರುವ ಅತ್ಯಂತ ಬೆಲೆಯುಳ್ಳ ಬಟ್ಟೆಯಾಗಿರಬಹುದು. ಒಂದೋ ಎಲ್ಲ ಬಿಳಿಯೂ ಕೆನೆಯ ಕಡೆಗಿರಲಿ, ಇಲ್ಲವೇ ಎಲ್ಲವೂ ಅಚ್ಚ ಬಿಳಿಯಾಗಿರಲಿ. ನಾನು ಕೆನೆಯ ಪಕ್ಷ. ಹೊಳೆಯುವ ಬಿಳಿ ಮುಖಕ್ಕಿಂತ ಬೆಳ್ಳಗಾಗಿ, ನೋಡುವ ಕಣ್ಣನ್ನು ಹೊಟ್ಟೆಯ ಮೇಲೆ ನಿಲ್ಲಿಸುತ್ತದೆ.

ಕಪ್ಪು?

ಅಜ್ಜಿಯ ಚಂದ್ರಕಾಳಿಗೆ ನಾನು ಪಟ್ಟ ಪಾಡು ಇಷ್ಟೇ: ನೆರಿಗೆಗಳು ಕಾಣಲೆಂದು ಅವರನ್ನು ಕಿಟಕಿಯ ಕಡೆಗೆ ಸ್ವಲ್ಪ ತಿರುಗಿಸಿ ಕೂರಿಸಿದೆ. ಹಿಂದೆ ಸುಣ್ಣದ ಗೋಡೆ ಇದ್ದದ್ದರಿಂದ ಸೀರೆ ಎದ್ದು ನಿಂತಿತು. ಗಾಢ ಬಣ್ಣದ ಪರದೆಯಿದ್ದಿದ್ದರೆ ಸೀರೆಯೂ ಪರದೆಯೂ ಒಂದಾಗಿ ಮುಖ ಮಾತ್ರ ತೇಲುತ್ತಿತ್ತು. ಇಬ್ಬರು ಕಪ್ಪು ಹಾಕುವುದಾದರೆ ಬಿಸಿಲಿನಲ್ಲಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ. ಒಗೆದು ಒಗೆದು ಮಾಸಿದ ಕಪ್ಪು ಹೊಸದರ ಪಕ್ಕ ಕಾಫಿ ಬಣ್ಣವಾಗಿ ಕಾಣುತ್ತದೆ.

ಕೆಂಪು ನಮ್ಮ ಮನೆಯ ಶುಭದ ಬಣ್ಣ. ಅದಕ್ಕೂ ಏನಾದರೂ ತಕರಾರಿದೆಯೇ?

ಕುಂಕುಮದಂಥ ಕಡುಗೆಂಪು ರೇಷ್ಮೆಗೆ ಇದೆ. ಕ್ಯಾಮೆರಾ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಇಂಥ ಬಟ್ಟೆಯಲ್ಲಿ ಕೆಂಪಿನ ಅಳತೆ ಮೊದಲು ತುಂಬಿ ಹೋಗುತ್ತದೆ, ಅಲ್ಲಿಂದ ಮುಂದೆ ನೆರಿಗೆಯ ಉಬ್ಬು ತಗ್ಗು ದಾಖಲಾಗುವುದಿಲ್ಲ. ಸೀರೆ, ಕತ್ತರಿಸಿ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಫೋಟೋಗ್ರಾಫರನಿಗೆ ಮೊದಲೇ ಹೇಳಿದರೆ ಬೆಳಕಿನ ಅಳತೆಯನ್ನು ಸ್ವಲ್ಪ ತಗ್ಗಿಸಿ ತೆಗೆಯುತ್ತಾನೆ. ದಾಳಿಂಬೆ ಅಥವಾ ಇಟ್ಟಿಗೆಯ ಕಡೆಗಿರುವ ಕೆಂಪಿಗೆ ಈ ಕಾಟ ಕಡಿಮೆ.

ಇನ್ನೊಂದು ಮಾತು: ಬಿಸಿಲಿನಲ್ಲಿ ಕಡು ಬಣ್ಣದ ಬಟ್ಟೆ ತನ್ನ ಬಣ್ಣವನ್ನು ಗಲ್ಲದ ಕೆಳಗೆ ಎರಚುತ್ತದೆ. ಗಿಳಿ ಹಸಿರು ಕುಪ್ಪಸ ತೊಟ್ಟವರ ಕುತ್ತಿಗೆ ಹಸಿರಾಗಿ ಬಂದದ್ದನ್ನು ಸರಿಮಾಡಲು ನಾನು ಒಂದು ಇಡೀ ಸಂಜೆ ಕೂತಿದ್ದೇನೆ.

ನನ್ನ ಮೈಬಣ್ಣ ಕಪ್ಪು, ತಿಳಿ ಬಣ್ಣ ಹಾಕಬಾರದು ಎನ್ನುತ್ತಾರೆ. ನಿಜವೇ?

ಸುಳ್ಳು. ಹೇಳುವವರು ಅಂಗಡಿಯವರು ಇಲ್ಲವೇ ನೆಂಟರು. ಇಬ್ಬರಿಗೂ ಕ್ಯಾಮೆರಾ ಗೊತ್ತಿಲ್ಲ. ಅಚ್ಚ ಬಿಳಿ ಬಟ್ಟೆ ಚೌಕಟ್ಟಿನ ಬಹುಪಾಲು ತುಂಬಿದಾಗ ಸ್ವಯಂಚಾಲಿತ ಕ್ಯಾಮೆರಾ ‘ಬೆಳಕು ಹೆಚ್ಚಾಯಿತು’ ಎಂದು ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆ, ಮುಖವೂ ಮಬ್ಬಾಗುತ್ತದೆ. ತಪ್ಪು ಅಳತೆಯದು, ಮುಖಕ್ಕೆ ಅಳತೆ ಹಿಡಿದರೆ ಸರಿಹೋಗುತ್ತದೆ. ಅರಿಶಿನ, ಜೇನು, ನವಿಲು ನೀಲಿ, ಬದನೆಕಾಯಿ ಬಣ್ಣಗಳು ಕಪ್ಪು ಮೈಬಣ್ಣದ ಮೇಲೆ ಬರುವ ಚೆಂದ ಬೇರೆಯವರ ಮೇಲೆ ಬರುವುದಿಲ್ಲ. ಯಾವುದೇ ಮೈಬಣ್ಣದವರು ತಪ್ಪಿಸಬೇಕಾದದ್ದು ತಮ್ಮ ಮೈಬಣ್ಣವನ್ನೇ ಹೋಲುವ ಬಟ್ಟೆಯನ್ನು, ಏಕೆಂದರೆ ಕುತ್ತಿಗೆ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ.

ಅಂಗಡಿಯಲ್ಲಿ ಒಪ್ಪಿದ ಬಣ್ಣ ಫೋಟೋದಲ್ಲಿ ಒಪ್ಪಲಿಲ್ಲ, ಏಕೆ?

ಅಂಗಡಿಯ ದೀಪದ ಬೆಳಕೇ ಬೇರೆ, ಹಗಲಿನ ಬೆಳಕೇ ಬೇರೆ. ಹತ್ತಿಗೂ ರೇಷ್ಮೆಗೂ ಹಾಕುವ ಬಣ್ಣದ ರಾಸಾಯನಿಕಗಳು ಬೇರೆಯಾದ್ದರಿಂದ ಒಂದು ದೀಪದ ಕೆಳಗೆ ಅವಳಿಗಳಂತಿದ್ದ ಕುಪ್ಪಸವೂ ಸೀರೆಯೂ ಇನ್ನೊಂದರ ಕೆಳಗೆ ನೆಂಟರೂ ಅಲ್ಲದಂತಾಗುತ್ತವೆ. ನಮ್ಮ ತಾಯಂದಿರು ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ಇದಕ್ಕೇ.

ಹೊರಗೆ, ಮರಗಿಡಗಳ ನಡುವೆ ತೆಗೆಯುವುದಾದರೆ?

ತಿಂಗಳು ನೋಡಿ. ಮುಂಗಾರು ಹಿಡಿದ ಮೇಲೆ ಧಾರವಾಡದ ಸುತ್ತ ಎಲ್ಲವೂ ಹಸಿರು. ಎಲೆ ಹಸಿರು ಉಟ್ಟವರು ಹಿನ್ನೆಲೆಯಲ್ಲಿ ಕರಗುತ್ತಾರೆ, ಅರಿಶಿನ, ಇಟ್ಟಿಗೆ, ಕೆನೆ ಬಣ್ಣಗಳು ಅರಳುತ್ತವೆ. ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿ ಜೇನಿನ ಬಣ್ಣವಾಗಿರುತ್ತದೆ. ಆಗ ಅದೇ ಅರಿಶಿನ ಮಂಕು, ನೀಲಿ ಮತ್ತು ಗಾಢ ಹಸಿರು ಚಂದ.

ಮಕ್ಕಳಿಗೆ?

ಅಕ್ಷರ, ಕಾರ್ಟೂನು, ಮಿಣುಗುವ ಚಮಕಿ ಬೇಡ. ಹೊಸ ಬಟ್ಟೆಯನ್ನು ಮುಂಚೆ ಒಮ್ಮೆಯಾದರೂ ತೊಡಿಸಿ, ಚುಚ್ಚುವ ಜರಿಯ ಅಂಚು ಮಗುವಿನ ಮುಖದಲ್ಲೇ ಕಾಣುತ್ತದೆ. ಚಿಕ್ಕವರು ಮುಂದೆ ಕೂರುವುದರಿಂದ ಗುಂಪಿನ ಅತಿ ತಿಳಿ, ಅತಿ ಉಜ್ಜ್ವಲ ಬಣ್ಣ ಅವರಿಗಿರಲಿ.

ಚಪ್ಪಲಿ, ವಾಚು ಇತ್ಯಾದಿ?

ಪಡಸಾಲೆಯಲ್ಲಿ ಬರಿಗಾಲೇ ಚಂದ. ಕಾಲುಚೀಲ ಮಾತ್ರ ಹಾಕಿ ನಿಲ್ಲಬೇಡಿ.

ಆ ದಿನ ಒಬ್ಬರು ಹೇಳಿದ್ದನ್ನು ಬಿಟ್ಟು ಬೇರೆಯೇ ಹಾಕಿಕೊಂಡು ಬಂದರೆ?

ಬರುತ್ತಾರೆ. ನಮ್ಮ ಒಂಬತ್ತರಲ್ಲಿ ಹತ್ತರ ಹುಡುಗ ಬೂದಿ ಅಂಗಿಗೆ ಸಾರು ಚೆಲ್ಲಿಕೊಂಡು ಕಿತ್ತಳೆ ಬಣ್ಣದ ಟೀ ಶರ್ಟಿನಲ್ಲಿ ಪ್ರತ್ಯಕ್ಷನಾದ. ಇಂಥವರನ್ನು ಸಾಲಿನ ಕೊನೆಗೆ ನಿಲ್ಲಿಸಬೇಡಿ. ಅಂಚಿನಲ್ಲಿರುವ ಕಡು ಬಣ್ಣ ನೋಡುವವರ ಕಣ್ಣನ್ನು ಚಿತ್ರದಿಂದ ಹೊರಕ್ಕೆ ಎಳೆಯುತ್ತದೆ. ನಡುವೆ, ಇಬ್ಬರ ಹಿಂದೆ, ಭುಜದಿಂದ ಮೇಲೆ ಮಾತ್ರ ಕಾಣುವಂತೆ ನಿಲ್ಲಿಸಿ. ಹುಡುಗ ಗಿಡ್ಡನಾದ್ದರಿಂದ ಮಣೆಯ ಮೇಲೆ ಹತ್ತಿಸಿ ಅಜ್ಜ ಅಜ್ಜಿಯ ನಡುವೆ ಹಿಂದಕ್ಕೆ ನಿಲ್ಲಿಸಿದೆವು. ಅಜ್ಜ ತಮ್ಮ ಕೆನೆ ಬಣ್ಣದ ಶಲ್ಯವನ್ನು ಅವನ ಹೆಗಲಿಗೆ ಹೊದೆಸಿದರು. ಕಿತ್ತಳೆ ಒಂದು ಬೆರಳಗಲ ಉಳಿಯಿತು, ಅಜ್ಜಿಯ ಅಂಚಿನ ಹಳದಿಗೂ ಕೆಂಪಿಗೂ ನಡುವೆ ಅದು ಯಾರಿಗೂ ಕಾಣುವುದಿಲ್ಲ.